ಬ್ಲಾಕ್ ಮಾಡಿದವರು ಯಾರು

ನಾಗಪುರದ ಸದರ್ ಬಡಾವಣೆಯಲ್ಲಿರುವ ಬ್ಯಾಂಕಿನ ಶಾಖೆಯೊಂದರಲ್ಲಿ ನನ್ನ ಕೆಲಸ. ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ಹಾಕಿಸಿಕೊಳ್ಳಲು ಬರುವ ಹಿರಿಯರಿಗೆಲ್ಲ ನಾನು ದಿನಕ್ಕೆ ಹತ್ತು ಸಲ ಹೇಳುವುದು ಒಂದೇ ಮಾತು: "ಪೆಹಲೇ ಪಢಿಯೇ, ಫಿರ್ ದಬಾಯಿಯೇ." ಮೊದಲು ಓದಿ, ಆಮೇಲೆ ಒತ್ತಿ. ಇಲ್ಲಿನ ಕನ್ನಡ ಸಂಘದ ಹೆಂಗಸರಲ್ಲೂ ಫೋನಿನ ವಿಷಯಕ್ಕೆ ನಾನೇ ದೊಡ್ಡ ಪಂಡಿತೆ. ಯಾರ ಫೋಟೋ ಅಳಿಸಿಹೋದರೂ, ಯಾರ ಪಾಸ್‌ವರ್ಡ್ ಮರೆತುಹೋದರೂ ನನ್ನ ಹತ್ತಿರವೇ ಬರುತ್ತಾರೆ. ಅದರ ಹಮ್ಮು ನನಗೆ ಬೇಕಾದಷ್ಟಿತ್ತು.

ಸಂಘದಲ್ಲಿ ನನಗೆ ಒಬ್ಬಳು ಗೆಳತಿ. ಗದಗಿನ ಕಡೆಯವಳು, ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಹದಿನಾಲ್ಕು ವರ್ಷದ ಒಡನಾಟ. ನನ್ನ ಮಗ ಹುಟ್ಟಿದಾಗ ಊರಿಂದ ಯಾರೂ ಬರಲಾಗದೆ, ಅವಳೇ ಬಾಣಂತನ ಮಾಡಿದ್ದಳು. ಕಳೆದ ವರ್ಷ ಆ ಮಗ ಪರೀಕ್ಷೆಯೊಂದರಲ್ಲಿ ಸೋತು ಮನೆಯಲ್ಲಿ ಮಾತು ನಿಲ್ಲಿಸಿ ಕುಳಿತ. ಅದೇ ತಿಂಗಳು ಅವಳ ಮಗಳಿಗೆ ಈಜಿನಲ್ಲಿ ಒಂದರ ಮೇಲೊಂದು ಪದಕ. ಫೇಸ್‌ಬುಕ್ ತೆರೆದರೆ ಸಾಕು, ಅವಳ ಮಗಳು, ಅವಳ ಪದಕ, ಕೆಳಗೆ ನೂರು ಜನರ ಶಭಾಷ್. ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರಿನಿಂದ ಅದನ್ನು ಕರೆದರೆ ಸುಳ್ಳಾಗುತ್ತದೆ.

ಒಂದು ಸಂಜೆ ಮೆಟ್ರೋದಲ್ಲಿ ಕಂಬ ಹಿಡಿದು ನಿಂತಿದ್ದೆ. ಮತ್ತೊಂದು ಪದಕ ಬಂತು. ಸ್ವಲ್ಪ ದಿನ ಇವಳ ಪೋಸ್ಟುಗಳು ಕಾಣದ ಹಾಗೆ ಮಾಡಿದರಾಯಿತು ಎಂದು ಅವಳ ಪ್ರೊಫೈಲಿಗೆ ಹೋಗಿ, ಮೂರು ಚುಕ್ಕಿ ಒತ್ತಿ, ಏನೋ ಒಂದನ್ನು ಆರಿಸಿದೆ. ಕನ್ನಡಕ ಚೀಲದಲ್ಲಿತ್ತು. ಖಚಿತವೇ ಎಂದು ಕೇಳುವ ಪರದೆಯೂ ಬಂತು, ಅದರಲ್ಲಿ ನಾಲ್ಕೈದು ಸಾಲು ಬರೆದಿತ್ತು. ಸಿಟ್ಟಿನಲ್ಲಿ ಅದನ್ನೂ ಒತ್ತಿ ಫೋನ್ ಒಳಗಿಟ್ಟೆ. ಪದಕಗಳು ನಿಂತವು. ನನಗೆ ಹಾಯೆನಿಸಿತು.

ಮೂರು ವಾರದ ನಂತರ ಸಂಘದ ರಾಜ್ಯೋತ್ಸವದ ಹಳೆಯ ಫೋಟೋ ಒಂದು ಬೇಕಾಗಿ ಅವಳ ಹೆಸರು ಹುಡುಕಿದೆ. ಇಲ್ಲ. ನನ್ನ ಫೋಟೋಗಳ ಕೆಳಗೆ ಅವಳು ಬರೆದಿದ್ದ ಕಾಮೆಂಟುಗಳೂ ಮಾಯ. ಪೋಸ್ಟು ಕಾಣದ ಹಾಗೆ ಮಾಡಿದರೆ ಪೋಸ್ಟಷ್ಟೇ ಕಾಣುವುದಿಲ್ಲ, ಹುಡುಕಿದರೆ ಹೆಸರು ಸಿಗಲೇಬೇಕು ಎಂಬುದು ನನಗೆ ಗೊತ್ತಿತ್ತು. ಹಾಗಾದರೆ ಇದು ಅವಳ ಕೆಲಸವೇ.

ಮೊದಲು ಒಳ್ಳೆಯದನ್ನೇ ಯೋಚಿಸಿದೆ. ಮಗಳದು ಹತ್ತನೆಯ ತರಗತಿ, ಪರೀಕ್ಷೆ ಮುಗಿಯುವವರೆಗೆ ಖಾತೆ ಡಿಆಕ್ಟಿವೇಟ್ ಮಾಡಿರಬಹುದು. ಹಾಗಿದ್ದರೆ ಮತ್ತೆ ಲಾಗಿನ್ ಆದ ದಿನ ಫೋಟೋ, ಕಾಮೆಂಟು ಎಲ್ಲ ಇದ್ದ ಹಾಗೆಯೇ ವಾಪಸು ಬರುತ್ತವೆ. ಅಥವಾ ಬೇಸತ್ತು ಡಿಲೀಟ್ ಮಾಡಿರಬಹುದು. ಆಗ ಮೂವತ್ತು ದಿನದೊಳಗೆ ಮನಸ್ಸು ಬದಲಾಯಿಸದಿದ್ದರೆ ಖಾತೆ ಶಾಶ್ವತವಾಗಿ ಹೋದಂತೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರಹ, ಯಾರಿಗೂ ಕಾಣುವುದಿಲ್ಲ. ಬ್ಲಾಕ್ ಮಾತ್ರ ಬೇರೆ.

ಫೋನ್ ಮಾಡಿ ಕೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಪಂಡಿತೆಗೆ ಪರೀಕ್ಷೆ ಮಾಡುವ ಚಟ. ಆ ಭಾನುವಾರ ಕೋಲಾಟದ ತಾಲೀಮಿಗೆ ಸೇರಿದ್ದಾಗ, ಅವಳು ಇನ್ನೂ ಬಂದಿರಲಿಲ್ಲ, ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವ ಸಂಘದ ಹಿರಿಯರೊಬ್ಬರ ಫೋನ್ ತೆಗೆದುಕೊಂಡು ಅವರ ಖಾತೆಯಿಂದ ಹುಡುಕಿದೆ. ಮೊದಲ ಹೆಸರೇ ಅವಳದು, ನಗುನಗುತ್ತ ಮಗಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಳು.

"ನೋಡ್ರಿ ವೈನಿ," ಎಂದೆ. "ಡಿಲೀಟ್ ಮಾಡಿದ್ರ, ಇಲ್ಲಾ ಬಂದ್ ಇಟ್ಟಿದ್ರ, ನಿಮ್ಮ ಫೋನ್‌ನಾಗೂ ಕಾಣಬಾರದಿತ್ತು. ನಿಮಗ ಕಾಣಸ್ತೈತಿ, ನನಗ ಕಾಣಂಗಿಲ್ಲ. ಅಂದ್ರ ಏನು? ಬ್ಲಾಕ್."

"ಆಕಿ ಹಂಗ ಮಾಡಾಕಿ ಅಲ್ಲವಾ," ಎಂದರು ವೈನಿ.

"ಬರೋಬರ್ ನೋಡೇನಿ. ಇದರಾಗ ಸಂಶಯನ ಇಲ್ಲ."

ಕೋಲು ಹಿಡಿದು ನಿಂತಿದ್ದ ಹನ್ನೊಂದು ಹೆಂಗಸರೂ ಕೇಳಿಸಿಕೊಂಡರು. ಮಗಳಿಗೆ ಪದಕ ಬಂತೆಂದು ತಲೆ ತಿರುಗಿದೆ ಎಂದು ಯಾರೋ ಅಂದರು. ನಾನು ಅಲ್ಲ ಎನ್ನಲಿಲ್ಲ. ಕಣ್ಣು ಬೇರೆ ಒರೆಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಬಂದಾಗ ಯಾರೂ ಜೋಡಿಯಾಗಲು ಮುಂದೆ ಬರಲಿಲ್ಲ. ಅವಳು ಗೋಡೆಗೆ ಒರಗಿ ಕುಳಿತು ತಾಲೀಮು ಮುಗಿಯುವವರೆಗೆ ನೋಡಿ ಎದ್ದುಹೋದಳು. ಮುಂದಿನ ಭಾನುವಾರ ಬರಲಿಲ್ಲ. ಎರಡು ಸಲ ನನಗೆ ಫೋನ್ ಮಾಡಿದಳು. ನಾನು ಎತ್ತಲಿಲ್ಲ.

ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ಬ್ಯಾಂಕಿನಲ್ಲಿ ಊಟದ ಹೊತ್ತಿಗೆ, ಯಾವುದೋ ಗುರುತಿಲ್ಲದ ಖಾತೆ ಹೊಲಸು ಚಿತ್ರ ಕಳಿಸಿತೆಂದು ಅದನ್ನು ಬ್ಲಾಕ್ ಮಾಡಿದೆ. ಸರಿಯಾಗಿ ಆಯಿತೋ ಇಲ್ಲವೋ ನೋಡೋಣ ಎಂದು ಸೆಟ್ಟಿಂಗ್ಸಿಗೆ ಹೋಗಿ, ನಾನು ಬ್ಲಾಕ್ ಮಾಡಿದವರ ಪಟ್ಟಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಆ ಪಟ್ಟಿ ನೋಡಿದ್ದು. ಎರಡು ಹೆಸರಿದ್ದವು. ಮೇಲಿನದು ಆ ಹೊಲಸು ಖಾತೆ. ಕೆಳಗಿನದು ನನ್ನ ಗೆಳತಿ.

ಊಟದ ಡಬ್ಬಿ ಮುಚ್ಚಿಟ್ಟೆ. ಬ್ಲಾಕ್ ಎಂಬುದು ಎರಡೂ ಕಡೆಗೆ ಹಾಕಿದ ಅಗುಳಿ. ಹಾಕಿದವರಿಗೂ ಆಚೆಯವರು ಕಾಣುವುದಿಲ್ಲ. ಮೂರನೆಯವರ ಫೋನಿನಲ್ಲಿ ನೋಡಿದರೆ ಅಗುಳಿ ಬಿದ್ದಿದೆ ಎಂದಷ್ಟೇ ತಿಳಿಯುತ್ತದೆ, ಹಾಕಿದ ಕೈ ಯಾರದೆಂದು ತಿಳಿಯುವುದಿಲ್ಲ. ನನ್ನ ಪರೀಕ್ಷೆ ಸರಿಯಾಗಿಯೇ ಇತ್ತು, ತಪ್ಪಿದ್ದು ನಾನು ಅದಕ್ಕೆ ಕೊಟ್ಟ ಅರ್ಥ. ಮೆಟ್ರೋದಲ್ಲಿ ಓದದೆ ಒತ್ತಿದ ಆ ನಾಲ್ಕೈದು ಸಾಲು ಇದನ್ನೇ ಹೇಳಿದ್ದವು. ಅಲ್ಲಿಯೇ ಅನ್‌ಬ್ಲಾಕ್ ಒತ್ತಿದೆ. ಅಷ್ಟಕ್ಕೆ ಅವಳು ಮತ್ತೆ ಸ್ನೇಹಿತರ ಪಟ್ಟಿಗೆ ಬರಲಿಲ್ಲ. ಬ್ಲಾಕ್ ಮಾಡಿದ ದಿನವೇ ಅದು ಕಡಿದುಹೋಗಿರುತ್ತದೆ, ಹೊಸಬರಂತೆ ಮತ್ತೆ ರಿಕ್ವೆಸ್ಟ್ ಕಳಿಸಬೇಕು. ಕಳಿಸಲು ಮುಖ ಸಾಲದೆ ಸಂಜೆ ನೇರವಾಗಿ ಅವಳ ಮನೆಗೇ ಹೋದೆ.

ಬಾಗಿಲು ತೆಗೆದವಳು, "ಬಾರವಾ, ಒಳಗ ಬಾ," ಎಂದಳು, ನಿನ್ನೆ ಮೊನ್ನೆ ಬಂದು ಹೋದವಳಿಗೆ ಹೇಳುವಂತೆ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಪದಕದ ಹೊಟ್ಟೆಕಿಚ್ಚನ್ನೂ ಬಿಡಲಿಲ್ಲ.

"ಗೊತ್ತಿತ್ತು," ಎಂದಳು. "ನೀ ಕಾಣಲಿಲ್ಲ ಅಂತ ಮಗಳ ಫೋನ್‌ನಾಗ ನೋಡಿದೆ. ನೀ ಇದ್ದಿ. ನಾ ಏನೂ ಮಾಡಿಲ್ಲ ಅಂದಮ್ಯಾಲ ನೀನ ಮಾಡಿರಬೇಕು ಅಂತ ಆತು. ಏನು ತಪ್ಪಾತು ಅಂತ ಕೇಳಾಕ ಫೋನ್ ಮಾಡಿದ್ದೆ."

"ಮತ್ತ ಸಂಘದವರ ಮುಂದ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ನಿನ್ನ ಹುಡುಗಂದು ಹಂಗಾಗಿತ್ತು. ಮನಸ್ಸು ಸರಿ ಇರಲಿಕ್ಕಿಲ್ಲ, ಇರಲಿ ಬಿಡು ಅಂದೆ."

ಭಾನುವಾರವೇ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ಬೇಡ, ಮುಗಿದ ಮಾತು ಎಂದಳು. ಎರಡನೆಯ ಸಲ ನಾನು ಹಟ ಹಿಡಿಯಲಿಲ್ಲ. ಅವಳು ಬೇಡವೆಂದದ್ದು ನನಗೆ ಎಷ್ಟು ಹಗುರವೆನಿಸಿತೆಂದರೆ, ಚಹಾ ಕುಡಿದು ನಗುತ್ತ ಮನೆಗೆ ಬಂದೆ.

ಮುಂದಿನ ಭಾನುವಾರ ಇಬ್ಬರೂ ಒಟ್ಟಿಗೆ ಸಂಘಕ್ಕೆ ಹೋದೆವು. ನಮ್ಮನ್ನು ನೋಡಿ ವೈನಿ ಅವಳನ್ನು ಕೇಳಿದರು: "ಏನವಾ, ಇಳೀತ ಸಿಟ್ಟು? ಇಕಿನ್ನ ಬ್ಲಾಕ್ ಮಾಡಿದ್ದು ತಗದಿ?"

ಎಲ್ಲರೂ ನಮ್ಮ ಕಡೆ ತಿರುಗಿದರು. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದೊಂದೇ. ಅವಳು ನನ್ನ ಮುಖ ನೋಡಿದಳು, ಕಾದಳು. ಆಮೇಲೆ ವೈನಿಯ ಕಡೆ ತಿರುಗಿ, "ಹೂಂ ವೈನಿ, ತಗದೆ. ನಂದ ತಪ್ಪಾತು," ಎಂದಳು.

ನಾನು ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.