ಯಶವಂತನ ಬಣ್ಣದ ವೇಳಾಪಟ್ಟಿ

ನನ್ನ ಭಾವಮೈದುನ ಯಶವಂತ ಓದುವುದಕ್ಕಿಂತ ಓದಿನ ಯೋಜನೆ ಹಾಕುವುದರಲ್ಲಿ ಜಾಣ. ಹೀಗೆಂದರೆ ಹೆಂಡತಿ ಲೀಲಾ ಮುಖ ಊದಿಸಿಕೊಳ್ಳುತ್ತಾಳೆ, ಇರಲಿ. ಐಎಎಸ್ ಪರೀಕ್ಷೆಗೆಂದು ದೆಹಲಿಯ ಮುಖರ್ಜಿ ನಗರದಲ್ಲಿ, ಕೋಚಿಂಗ್ ಕ್ಲಾಸುಗಳ ನಡುವೆ, ರೂಮು ಹಿಡಿದವನು ಮೊದಲು ಮಾಡಿದ ಕೆಲಸವೇ ಫೋನಿನ ಕ್ಯಾಲೆಂಡರ್ ತುಂಬಿದ್ದು. ಇತಿಹಾಸ ಹಸಿರು, ಸಂವಿಧಾನ ನೀಲಿ, ಅರ್ಥಶಾಸ್ತ್ರ ಹಳದಿ, ಭೂಗೋಳ ಕೆಂಪು. ಒಂದೊಂದಕ್ಕೂ ದಿನಾ ಮರುಕಳಿಸುವ ರಿಮೈಂಡರ್.

ಅಕ್ಕನಿಗೆ ಧೈರ್ಯವಾಗಿರಲಿ ಎಂದು ತನ್ನ ಅಕೌಂಟನ್ನೇ ಅವಳ ಫೋನಿನಲ್ಲೂ ತೆರೆದುಕೊಟ್ಟ. ಅಂದಿನಿಂದ ಘಾಜಿಯಾಬಾದಿನ ನಮ್ಮ ಅಡುಗೆಮನೆಯಲ್ಲೂ ಇತಿಹಾಸ, ಭೂಗೋಳ ಟಣ್ ಎನ್ನತೊಡಗಿದವು. ತಮ್ಮ ಫೋನ್ ಮಾಡುವುದು ಕಡಿಮೆಯಾದಾಗಲೂ ಲೀಲಾ ಬಣ್ಣ ನೋಡಿ ಸಮಾಧಾನಪಡುತ್ತಿದ್ದಳು. ಪಾಪ, ಓದ್ತಿದಾನೆ, ತೊಂದರೆ ಕೊಡಬೇಡಿ ಎನ್ನುತ್ತಿದ್ದಳು.

ಪರೀಕ್ಷೆಯ ಭಾನುವಾರ ಬಂತು. ಅವನ ಕೊನೆಯ ಅವಕಾಶ ಅದು. ಅವನು ಹಾಲ್‌ನಲ್ಲಿ ಕೂತಿರಬೇಕಾದ ಹೊತ್ತಿಗೆ ಸರಿಯಾಗಿ ಇಲ್ಲಿ ಹಸಿರು ರಿಮೈಂಡರ್ ಬಂತು: ಇತಿಹಾಸ, ಪುನರಾವರ್ತನೆ. ಮೊದಲೆಲ್ಲ ಅಣಕು ಪರೀಕ್ಷೆ ಇದ್ದರೂ ಆ ದಿನದ ಓದನ್ನು ಬೇರೆ ಹೊತ್ತಿಗೆ ಸರಿಸುತ್ತಿದ್ದ ಹುಡುಗ ಇವತ್ತು ಮಾತ್ರ ಏನನ್ನೂ ಮುಟ್ಟಿರಲಿಲ್ಲ. ಒತ್ತಿ ನೋಡಿದೆ. ಪ್ರತಿದಿನ, ಮುಕ್ತಾಯವಿಲ್ಲ. ಮುಂದಿನ ತಿಂಗಳ ಪುಟ ನೋಡಿದೆ, ಮುಂದಿನ ವರ್ಷದ್ದೂ ನೋಡಿದೆ. ಅದೇ ಹಸಿರು, ಅದೇ ಕೆಂಪು. ಒಮ್ಮೆ ಹಾಕಿದ್ದನ್ನು ಫೋನು ತನ್ನ ಪಾಡಿಗೆ ತಾನು ತೋರಿಸುತ್ತಿತ್ತು, ಅವನು ಇದ್ದರೂ, ಇಲ್ಲದಿದ್ದರೂ.

ಅವನ ನಂಬರಿಗೆ ಹಚ್ಚಿದೆವು. ಸ್ವಿಚ್ ಆಫ್ ಆಗಿದ್ದರೆ ಹಾಲ್‌ನಲ್ಲಿದ್ದಾನೆ ಎಂದುಕೊಳ್ಳಬಹುದಿತ್ತು. ರಿಂಗ್ ಆಗುತ್ತಲೇ ಇತ್ತು, ಎತ್ತುವವರಿಲ್ಲ.

ಮೆಟ್ರೋ ಹಿಡಿದು ಹೊರಟೆವು; ದಾರಿಯುದ್ದಕ್ಕೂ ಲೀಲಾ ಅವನ ನಂಬರನ್ನೇ ಮತ್ತೆ ಮತ್ತೆ ಒತ್ತುತ್ತಿದ್ದಳು. ಅವನ ರೂಮಿನ ಬಾಗಿಲನ್ನು ನಾನು ಕೈ ನೋಯುವಷ್ಟು ಬಡಿದೆ. ಕೊನೆಗೆ ಚಿಲಕ ಸರಿಯಿತು. ಗಡ್ಡ ಬಿಟ್ಟು, ಕಣ್ಣು ಒಳಗೆ ಹೋಗಿ, ನಮ್ಮ ಯಶವಂತ ನಿಂತಿದ್ದ. ದೇವರೇ, ಜೀವವಿದೆಯಲ್ಲ ಎಂದುಕೊಂಡೆ. ಮೇಜಿನ ಮೇಲಿನ ಪುಸ್ತಕಗಳಿಗೆಲ್ಲ ಧೂಳು ಕೂತಿತ್ತು.

ಹೋಳಿಯಿಂದ ಕ್ಲಾಸಿಗೂ ಹೋಗಿಲ್ಲವಂತೆ. ಅಷ್ಟರಲ್ಲಿ ಹಾಸಿಗೆಯ ಮೇಲಿದ್ದ ಫೋನು ಟಣ್ ಎಂದಿತು. ನೋಡದೆಯೇ ರಿಮೈಂಡರನ್ನು ಬೆರಳಿನಿಂದ ಸರಿಸಿದ.

"ಹಿಂಗ್ ಸರಿಸಿದ್ರೆ ಓದಿದ ಹಾಗೇ ಅನ್ಸತ್ತೆ ಅಕ್ಕಾ," ಎಂದ.

ಲೀಲಾ ಅಳುತ್ತಲೇ ಫೋನು ಕಿತ್ತುಕೊಂಡು ಇತಿಹಾಸವನ್ನು ಅಳಿಸಲು ಹೋದಳು. ಇದೊಂದೇ ದಿನದ್ದೇ, ಮುಂದಿನವೂ ಸೇರಿಯೇ, ಎಲ್ಲವನ್ನೂ ಅಳಿಸಬೇಕೇ ಎಂದು ಅದು ಕೇಳಿತು. ಅವಳ ಬೆರಳು ಎಲ್ಲದರ ಮೇಲೆ ಹೋಯಿತು. ಯಶವಂತ ಅವಳ ಮಣಿಕಟ್ಟು ಹಿಡಿದ. ಹಿಡಿತ ಗಟ್ಟಿಯಾಗಿತ್ತು.

"ಬೇಡ ಅಕ್ಕಾ. ಅದೂ ಹೋದ್ರೆ ನಾಳೆ ಯಾಕ್ ಏಳ್ಲಿ ನಾನು?"

ಆ ಟಣ್ ಸದ್ದಿಗೆ ದಿನವೂ ಬೈಯುತ್ತಿದ್ದವನು ನಾನೇ.

"ಇವತ್ತಿಂದು ಮಾತ್ರ ತೆಗಿ, ಲೀಲಾ," ಎಂದೆ.