ಮಂಟಪ ಅಂತ ಬರೆದ ಕಾಲಂ

ಆ ಚಾರ್ಟಿಗೆ ಆದ ಖರ್ಚು ನೂರ ಎಂಬತ್ತು ರೂಪಾಯಿ, ಪ್ರಿಂಟು, ಲ್ಯಾಮಿನೇಷನ್ ಎಲ್ಲಾ ಸೇರಿ. ಮದುವೆ ದಿನದ ಉಸ್ತುವಾರಿ ನೋಡಿಕೊಳ್ಳುವ ಕಂಪನಿಯವರು ಇದೇ ಕೆಲಸಕ್ಕೆ ಹದಿನೆಂಟು ಸಾವಿರ ಕೇಳಿದ್ದರು. ಚೆನ್ನೈ ಪಕ್ಕದ ಮಣಲಿಯ ಕಾರ್ಖಾನೆಗಳಿಗೆ ಬೇರಿಂಗು, ಗ್ಯಾಸ್ಕೆಟ್ಟು ಸಪ್ಲೈ ಮಾಡಿ ಮೇಲೆ ಬಂದವನು ನಾನು. ಯಾವ ಲಾರಿ ಎಷ್ಟು ಹೊತ್ತಿಗೆ ಯಾವ ಗೇಟಿಗೆ ಹೋಗಬೇಕೆಂದು ಬರೆದಿಡುವುದೇ ನನ್ನ ಕಸುಬು. ಮಗಳ ಮದುವೆಗೆ ಅದನ್ನು ಬೇರೆಯವರಿಂದ ಯಾಕೆ ಕೊಳ್ಳಲಿ?

ನಾಲ್ಕು ಕಾಲಂ ಹಾಕಿದೆ: ಸಮಯ, ಕಾರ್ಯಕ್ರಮ, ಸ್ಥಳ, ಜವಾಬ್ದಾರಿ. ಗೌರಿಪೂಜೆ, ಹೆಣ್ಣಿನ ಕೋಣೆ, ನನ್ನ ಹೆಂಡತಿ. ಹುಡುಗಿಯನ್ನು ಕರೆತರುವುದು, ಸೋದರಮಾವ. ತಿಂಡಿ, ಕೆಳಗಿನ ಊಟದ ಹಾಲ್, ಅಡುಗೆಯವರು. ಛತ್ರ ತಿರುವೊಟ್ಟಿಯೂರಿನಲ್ಲಿ, ಅಡುಗೆಯವರು, ನಾದಸ್ವರದವರು ಎಲ್ಲರೂ ತಮಿಳರು. ಹಾಗಾಗಿ ಚಾರ್ಟನ್ನು ಮಗಳೇ ತಮಿಳಿಗೆ ಇಳಿಸಿದಳು. ಅವಳ ಓದೆಲ್ಲ ಇಲ್ಲೇ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

ಮಧ್ಯದ ಒಂದು ಸಾಲು ಹೀಗಿತ್ತು: ಜೀರಿಗೆ-ಬೆಲ್ಲ, ಮಂಟಪ, ಅಡುಗೆಯವರು. ನನ್ನ ಲೆಕ್ಕದಲ್ಲಿ ಅಡುಗೆಯವರು ಒಂದು ಹಿಡಿ ಜೀರಿಗೆ-ಬೆಲ್ಲ ಕುಟ್ಟಿ ವೀಳ್ಯದೆಲೆಯಲ್ಲಿಟ್ಟು ಮಂಟಪಕ್ಕೆ ತಂದುಕೊಡಬೇಕು. ಅಂತರಪಟ ಸರಿದ ಗಳಿಗೆಯಲ್ಲಿ ಗಂಡು ಹೆಣ್ಣು ಅದನ್ನು ಒಬ್ಬರ ತಲೆಯ ಮೇಲೆ ಒಬ್ಬರು ಇಡಬೇಕು. ನಮ್ಮಲ್ಲಿ ಮುಹೂರ್ತ ಎಂದರೆ ಅದೇ.

ಬೆಳಿಗ್ಗೆ ಎಲ್ಲ ಚಾರ್ಟಿನಂತೆ ನಡೆಯಿತು. ಭಾವಮೈದ ಕೂಡ ಹೊತ್ತಿಗೆ ಸರಿಯಾಗಿ ಹುಡುಗಿಯನ್ನು ಕರೆತಂದ. ಅಂತರಪಟ ಹಿಡಿದರು. ಪುರೋಹಿತರು ಕೈ ಚಾಚಿ, "ಜೀರಿಗೆ-ಬೆಲ್ಲ ಕೊಡಿ" ಎಂದರು.

ಯಾರ ಕೈಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಅಡುಗೆಯ ಮೇಸ್ತ್ರಿ ಪೇಪರ್ ಲೋಟಗಳ ದೊಡ್ಡ ತಟ್ಟೆ ಹೊತ್ತು ಬಂದರು. ಹಿಂದೆ ಅವರ ಹುಡುಗರು ಸಭಿಕರಿಗೆ ಸಾಲಾಗಿ ಹಂಚುತ್ತಿದ್ದರು. ಬೆಲ್ಲ ಕರಗಿಸಿ, ಜೀರಿಗೆ ಶುಂಠಿ ಹಾಕಿದ ಪಾನಕ.

"ಇದೇನ್ರೀ?" ಎಂದಳು ಹೆಂಡತಿ.

"ಜೀರಿಗೆ-ಬೆಲ್ಲ ಅಮ್ಮಾ. ಮಂಡಪಂನ್ನು ಪೋಟ್ಟಿರುಕ್ಕೇ" ಎಂದು ಮೇಸ್ತ್ರಿ ಸೊಂಟದಿಂದ ಚಾರ್ಟು ತೆಗೆದು, 'ಮಂಡಪಂ' ಅಂತ ಬರೆದಿದ್ದನ್ನು ತೋರಿಸಿದರು.

ತಮಿಳಿನವರಿಗೆ ಮಂಡಪಂ ಎಂದರೆ ಇಡೀ ಛತ್ರ. ವಧೂವರರು ಕೂರುವ ಜಾಗವನ್ನು ಅವರು ಕರೆಯುವುದು ಮಣವರೈ ಎಂದು. ಛತ್ರಕ್ಕೆಲ್ಲ ಜೀರಿಗೆ-ಬೆಲ್ಲ, ಜವಾಬ್ದಾರಿ ಅಡುಗೆಯವರದು. ನಮ್ಮ ಶಾಸ್ತ್ರ ಗೊತ್ತಿಲ್ಲದವರಿಗೆ ಅದು ಪಾನಕವೇ. ಅವರು ಓದಿದ್ದು ಸರಿಯಾಗಿಯೇ ಇತ್ತು.

"ಇದನ್ನ ತಲೆ ಮೇಲೆ ಸುರಿಯೋದೇನ್ರೀ? ಗ್ಯಾಸ್ಕೆಟ್ ಲೆಕ್ಕ ಇಲ್ಲಿಗೂ ತಂದ್ರಲ್ಲ ನೀವು" ಎಂದು ಹೆಂಡತಿ ನನ್ನ ಕಡೆ ತಿರುಗಿದಳು. ಅಂತರಪಟದ ಹಿಂದೆ ಮಗಳು ನಗು ತಡೆಯಲಾರದೆ ಭುಜ ಕುಣಿಸುತ್ತಿದ್ದಳು. ಬೀಗಿತ್ತಿ ನಗುತ್ತಿರಲಿಲ್ಲ.

"ಮಂಗಳಾಷ್ಟಕ ಎಳೀತೀನಿ ಸ್ವಾಮಿ, ಆದ್ರೆ ಮುಹೂರ್ತ ಎಳೆಯೋಕಾಗಲ್ಲ" ಎಂದು ಪುರೋಹಿತರು ನಿಧಾನವಾಗಿ ಶುರು ಮಾಡಿದರು.

ನಾನೂ ಮೇಸ್ತ್ರಿಯೂ ಅಡುಗೆಮನೆಗೆ ಓಡಿದೆವು. ಜೀರಿಗೆ ಡಬ್ಬಿ ತುಂಬ ಇತ್ತು. ಬೆಲ್ಲದ ಒಂದು ಚೂರೂ ಉಳಿದಿರಲಿಲ್ಲ, ಎಲ್ಲ ಹೂರಣಕ್ಕೂ ಪಾನಕಕ್ಕೂ ಹೋಗಿತ್ತು. "ಕಡೆಗೆ ಪೋಯಿಟ್ಟು ವರಟ್ಟುಮಾ ಸಾರ್?" ಎಂದು ಅವರು ಸ್ಕೂಟರಿನ ಬೀಗದ ಕೈ ತೆಗೆದರು. ಅಂಗಡಿಗೆ ಹೋಗಿಬರುವಷ್ಟು ಹೊತ್ತು ಇರಲಿಲ್ಲ.

ಹೆಂಡತಿ ಅಷ್ಟರಲ್ಲಿ ಹೆಣ್ಣಿನ ಕೋಣೆಗೆ ಹೋಗಿ ಕಟ್ಟಿಟ್ಟಿದ್ದ ಒಂದು ಮೊರದ ಬಾಗಿನ ಬಿಚ್ಚಿದ್ದಳು. ಅಕ್ಕಿ, ಬೇಳೆ, ಅರಿಸಿನದ ನಡುವೆ ಬೆಲ್ಲದ ಅಚ್ಚು.

"ಬಾಗಿನ ಬಿಚ್ಚಬಹುದೇನಕ್ಕಾ?" ಎಂದ ಭಾವಮೈದ.

"ಇನ್ನೊಂದು ಕಟ್ತೀನಿ ಸುಮ್ನಿರೋ. ಇನ್ನೊಂದು ಮುಹೂರ್ತ ನೀನು ಕಟ್ತೀಯಾ?"

ಮೇಸ್ತ್ರಿ ಅಡುಗೆಮನೆಯಿಂದ ಕುಟ್ಟಾಣಿ ತಂದು, ಅಚ್ಚನ್ನು ಆ ಕೋಣೆಯ ಬಾಗಿಲ ಬಳಿಯೇ ಜಜ್ಜಿ, ಜೀರಿಗೆ ಬೆರೆಸಿ, ಎರಡು ವೀಳ್ಯದೆಲೆಗೆ ಹಾಕಿ ತಾವೇ ಮಣವರೈಗೆ ಮುಟ್ಟಿಸಿದರು. ಪುರೋಹಿತರು ಕೊನೆಯ ಶ್ಲೋಕದಲ್ಲಿದ್ದರು. ಪಟ ಸರಿಯಿತು, ಗಟ್ಟಿಮೇಳ ಮೊಳಗಿತು. ಮಗಳು ಅಳಿಯನ ತಲೆಗೆ ಬೆಲ್ಲ ಅಂಟಿಸಿದ ರೀತಿ ನೋಡಿದರೆ ಗೋಡೆಗೆ ಪೋಸ್ಟರು ಮೆತ್ತಿದ ಹಾಗಿತ್ತು. ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತಿದ್ದರು. ಬೀಗಿತ್ತಿ ಪಾನಕ ಕುಡಿದು ನೋಡಿ, "ನಿಮ್ಮ ಕಡೆ ಇದೂ ಶಾಸ್ತ್ರವಾ? ಚೆನ್ನಾಗಿದೆ" ಎಂದರು. ಹೌದು ಅಂದುಬಿಟ್ಟೆ. ಒಳ್ಳೆಯ ಮಾತನ್ನು ಯಾಕೆ ಕೆಡಿಸಬೇಕು?

ನೀವೂ ಚಾರ್ಟು ಮಾಡಿ, ಹದಿನೆಂಟು ಸಾವಿರ ಕೊಡಬೇಡಿ. ಆದರೆ ಕಾರ್ಯಕ್ರಮದ ಕಾಲಂನಲ್ಲಿ ಬರೀ ಹೆಸರು ಬರೆಯಬೇಡಿ. ಯಾರು, ಯಾವುದನ್ನು, ಎಷ್ಟು, ಯಾರ ಕೈಗೆ ಕೊಡಬೇಕು ಅಂತ ಪೂರ್ತಿ ವಾಕ್ಯ ಬರೆಯಿರಿ. ಜವಾಬ್ದಾರಿ ಎನ್ನುವ ಕಡೆ ಗುಂಪಿನ ಹೆಸರು ಬೇಡ, ಒಬ್ಬರ ಹೆಸರು ಇರಲಿ. ಸ್ಥಳದ ಕಾಲಂ ಹಿಡಿದುಕೊಂಡು ಹಿಂದಿನ ದಿನ ಅಡುಗೆಯವರ ಜೊತೆ ಛತ್ರವನ್ನೊಮ್ಮೆ ಸುತ್ತಿ, ಆ ಜಾಗ ಯಾವುದು ಅಂತ ಅವರೇ ಬೆರಳು ಮಾಡಿ ತೋರಿಸಲಿ. ಪಾನಕವನ್ನೂ ಸೇರಿಸಿ. ಚೆನ್ನೈ ಸೆಕೆಗೆ ಜನ ಕೇಳಿ ಕೇಳಿ ಕುಡಿಯುತ್ತಾರೆ.