ರದ್ದಾದ ಚಿತ್ರಗಳ ಫೋಲ್ಡರ್

ಬೈಲಹೊಂಗಲದ ಸೀರೆ ಅಂಗಡಿಯ ಮಾಲೀಕರು ಹಬ್ಬದ ಜಾಹೀರಾತಿಗೆ ಹತ್ತು ಎಐ ಚಿತ್ರ ಕೇಳಿದರು. ನಮ್ಮ ಸಣ್ಣ ಸ್ಟುಡಿಯೊಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಒಂದು ಚಿತ್ರಕ್ಕೆ ಐದಾರು ಪ್ರಯತ್ನ ಸಾಕೆಂದು ನನ್ನ ನೆನಪು ಹೇಳಿತು. ನೆನಪನ್ನು ನಾನು ನಂಬುವುದಿಲ್ಲ. ಹಿಂದಿನ ಕೆಲಸದಲ್ಲಿ ಬೇಡವಾದದ್ದನ್ನೆಲ್ಲ ಅಳಿಸದೆ ಇಟ್ಟಿದ್ದ ಫೋಲ್ಡರ್ ತೆರೆದು ಎಣಿಸಿದೆ. ಒಂದು ಒಳ್ಳೆಯ ಚಿತ್ರದ ಹಿಂದೆ ಸುಮಾರು ಮೂವತ್ತು ರದ್ದಾಗಿದ್ದವು. ಕೊನೆಯ ಟಚಪ್‌ಗೆ, ಅಂದರೆ ಕೈಯಿಂದ ತಿದ್ದಲು, ಚಿತ್ರಕ್ಕೆ ಅರ್ಧ ದಿನ. ರದ್ದಾಗುವ ಚಿತ್ರಗಳನ್ನೂ ಸೇರಿಸಿ ದರ ಹಾಕಿ, ಒಂಬತ್ತು ದಿನ ಎಂದು ಬರೆದುಕೊಟ್ಟೆ.

“ಯಂತ್ರ ನಿಮಿಷಕ್ಕೊಂದು ಚಿತ್ರ ತಗೀತೈತಿ. ಒಂಬತ್ತ ದಿನ ನೀವೇನ ಸೀರಿ ನೇಯ್ತೀರೇನ್ರಿ?” ಎಂದು ಮಾಲೀಕರು ನಕ್ಕರು. ಸವದತ್ತಿಯ ಬೇರೊಂದು ಸ್ಟುಡಿಯೊದವರು ಇದೇ ಕೆಲಸಕ್ಕೆ ಎರಡೇ ದಿನ ಕೇಳಿದ್ದರಂತೆ.

“ಒಂದ ಚಿತ್ರ ನೀವೇ ಕುಂತು ಆರಿಸ್ರಿ, ಸಾಹುಕಾರ್ರ,” ಎಂದೆ.

ಆರು ಬೆರಳಿನ ಕೈ, ಇಳಕಲ್ ಸೀರೆಯ ಸೆರಗಿನಲ್ಲಿ ಸೊಟ್ಟಗಾದ ತೆನೆ ವಿನ್ಯಾಸ, ಒಂದೊಂದನ್ನೂ ಅವರೇ ತಳ್ಳಿಹಾಕಿದರು. “ಇದ ಬ್ಯಾಡ್ರಿ, ನಮ್ಮವ್ವ ನೋಡಿದ್ರ ಅಂಗಡ್ಯಾಗ ಕಾಲಿಡೂದಿಲ್ಲ.” ಇಪ್ಪತ್ತೆಂಟನೆಯದಕ್ಕೆ ಒಪ್ಪಿದರು. ಅದಕ್ಕೂ ನಿಜವಾದ ಸೀರೆಯ ಫೋಟೊದಿಂದ ಸೆರಗು ಕೂಡಿಸಬೇಕಿತ್ತು.

“ಒಂಬತ್ತ ದಿನಾನ ಇರಲಿ,” ಎಂದರು.

ಇಪ್ಪತ್ತೆಂಟೇ ಹೌದೇ ಎಂದು ಇದನ್ನು ಬರೆಯುವಾಗ ಅನುಮಾನ ಬಂದು ಫೋಲ್ಡರ್ ನೋಡಿದೆ. ಇಪ್ಪತ್ತೇಳು ರದ್ದು, ಒಪ್ಪಿದ್ದು ಒಂದು; ಲೆಕ್ಕ ಸರಿಯಿತ್ತು. ಹತ್ತೂ ಚಿತ್ರಗಳನ್ನು ಒಂಬತ್ತನೆಯ ದಿನ ಸಂಜೆಯೇ ಕೊಟ್ಟಿದ್ದೆವು. ಅದನ್ನು ಖಚಿತಪಡಿಸಿಕೊಳ್ಳಲು ಮಾತ್ರ ನನಗೆ ಯಾವ ಫೋಲ್ಡರೂ ಬೇಕಾಗಲಿಲ್ಲ.